ಬಿಸಿನೀರಿನ ಪೈಪು ಟಕ್ ಟಕ್ ಅಂದಾಗ



ಬೆಳಿಗ್ಗೆ ಬಚ್ಚಲದಾಗ ಬಿಸಿನೀರಿನ ನಳ ತಿರುವಿದ ಕೂಡಲೇ ಗೋಡೆಯೊಳಗಿಂದ ಟಕ್, ಟಕ್ ಅಂತ ಸದ್ದು ಬರುತ್ತದೆ. ನಡುವೆ ಒಮ್ಮೊಮ್ಮೆ ಕಿರ್ರ್ ಅಂತಲೂ ಅನ್ನುತ್ತದೆ. ಸ್ವಲ್ಪ ಹೊತ್ತಿಗೆ ನಿಂತು, ಸ್ನಾನ ಮುಗಿದ ಮೇಲೆ ಮತ್ತೆ ಶುರುವಾಗುತ್ತದೆ. ಬಂಬದಾಗ ನೀರು ಕಾಸಿ ಬಕೆಟ್ಟಿಗೆ ಹಿಡಿಯುವಾಗ ಈ ತಕರಾರು ಇರಲಿಲ್ಲ, ಯಾಕಂದ್ರೆ ಉದ್ದನೆಯ ಬಿಸಿನೀರಿನ ಪೈಪೇ ಇರಲಿಲ್ಲ. ಮನೆಯ ಮೇಲೆ ಸೋಲಾರ್ ಕೂತ ಮೇಲೆ ಬಂದ ಸದ್ದು ಇದು.

ನವಲಗುಂದ ಕಡೆಯ ಒಂದು ಮನೆ ಅಂತ ಇಟ್ಟುಕೊಳ್ರಿ. ಸೋಲಾರ್ ಟ್ಯಾಂಕಿನಿಂದ ಬಚ್ಚಲಿಗೆ 8 ಮೀಟರ್ ಸಿಪಿವಿಸಿ ಪೈಪು, ಅಂದರೆ ಆ ಕೆನೆಬಣ್ಣದ ಪ್ಲಾಸ್ಟಿಕ್ ಪೈಪು, ಇಳಿದಿದೆ. ಚಳಿಗಾಲದ ಮುಂಜಾನೆ ಅದರೊಳಗೆ ನಿಂತ ನೀರು 20 ಡಿಗ್ರಿ, ಟ್ಯಾಂಕಿನಿಂದ ಬರುವ ನೀರು 60 ಡಿಗ್ರಿ. ಅಷ್ಟು ಬಿಸಿ ಏರಿದರೆ ಈ 8 ಮೀಟರ್ ಪೈಪು ಸುಮಾರು 2 ಸೆಂಟಿಮೀಟರ್ ಉದ್ದ ಆಗುತ್ತದೆ. ಅದೇ ಜಾಗದಲ್ಲಿ ಕಬ್ಬಿಣದ ಜಿಐ ಪೈಪು ಇದ್ದರೆ 4 ಮಿಲಿಮೀಟರ್ ಅಷ್ಟೇ. ಕಡಿಮೆ ಬೆಳೆದರೂ ಜಿಐ ಪೈಪಿನ ಸದ್ದು ಹೆಚ್ಚು ಖಡಕ್ಕಾಗಿ ಕೇಳುತ್ತದೆ, ಲೋಹದ ಗುಣ ಅದು.

ಪೈಪು ಬೆಳೆಯುವುದರಿಂದ ಸದ್ದು ಬರುವುದಿಲ್ಲ, ಬೆಳೆಯಲಿಕ್ಕೆ ದಾರಿ ಕೊಡದ ಕ್ಲ್ಯಾಂಪಿನಿಂದ ಬರುತ್ತದೆ. ಮಳೆಗಾಲದಾಗ ಉಬ್ಬಿದ ಬಾಗಿಲು ನೂಕಿದಂಗ: ಒಂದಿಷ್ಟು ಹೊತ್ತು ಅಲುಗದು, ಆಮೇಲೆ ಒಮ್ಮೆಲೇ ಸರಕ್ಕನೆ ಜಾರುತ್ತದೆ. ಆ ಒಂದೊಂದು ಜಾರುವಿಕೆಯೇ ಒಂದೊಂದು ಟಕ್. ನೀರು ತಣ್ಣಗಾಗುವಾಗ ಪೈಪು ಕುಗ್ಗುತ್ತಾ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ, ಅದಕ್ಕೇ ಸ್ನಾನದ ನಂತರವೂ ಸದ್ದು.

ಬಿಗಿ ಕ್ಲ್ಯಾಂಪಿನಷ್ಟೇ ಸಡಿಲ ಕ್ಲ್ಯಾಂಪೂ ತೊಂದರೆ ಕೊಡುತ್ತದೆ. ನವಲಗುಂದ, ಅಣ್ಣಿಗೇರಿಯ ಎರಿ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು ನಿಮಗೆ ಗೊತ್ತೇ ಇದೆ. ಗೋಡೆಯೂ ಅದರ ಜೊತೆ ಅಲುಗಿ, ಸ್ಕ್ರೂ ಹಿಡಿದ ಪ್ಲಾಸ್ಟಿಕ್ ಗಿಟ್ಟಿ ತೂತಿನಲ್ಲಿ ಸಡಿಲಾಗುತ್ತದೆ. ಮಣ್ಣಿನ ಗೋಡೆಯಾದರೆ ಇನ್ನೂ ಬೇಗ. ಆಗ ಪೈಪು ಜೋತುಬಿದ್ದು ಪಕ್ಕದ ಕ್ಲ್ಯಾಂಪಿನ ಮೇಲೆ ಭಾರ ಹಾಕುತ್ತದೆ. ಅಲ್ಲಿ ಬಿಗಿಯಾಗಿ, ಇಲ್ಲಿ ಗಡಗಡ.

ಯಾವ ಕ್ಲ್ಯಾಂಪು ಅಂತ ಹುಡುಕಲಿಕ್ಕೆ ಇಬ್ಬರು ಬೇಕು. ಒಬ್ಬರು ನಳ ಬಿಡಲಿ, ಇನ್ನೊಬ್ಬರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದೇ ಕ್ಲ್ಯಾಂಪಿಗೆ ಮುಟ್ಟಿಸಿ ಹಿಡಿಕೆಗೆ ಕಿವಿ ಇಡಲಿ. ಸದ್ದು ಎಲ್ಲಿ ಜೋರೋ ಅದೇ ಜಾಗ. ಅದರ ಸ್ಕ್ರೂ ಅರ್ಧ ಸುತ್ತು ಸಡಿಲಿಸ್ರಿ. ಪೈಪು ಬೀಳಬಾರದು, ಆದರೆ ಕೈಯಿಂದ ತಳ್ಳಿದರೆ ಉದ್ದಕ್ಕೆ ಜಾರಬೇಕು, ಅದೇ ಅಳತೆ. ಪೈಪು, ಕ್ಲ್ಯಾಂಪಿನ ನಡುವೆ ಇಡಲಿಕ್ಕೆ ಹೊಲದ ಡ್ರಿಪ್ ಪೈಪಿನ ಒಂದು ಗೇಣು ತುಂಡು ಸಾಕು. ಉದ್ದಕ್ಕೆ ಸೀಳಿ ಪೈಪಿಗೆ ತೊಡಿಸಿದರೆ ಅದು ನುಣುಪಾಗಿ ಜಾರುತ್ತದೆ. ಹಳೆಯ ಸೈಕಲ್ ಟ್ಯೂಬು ಬೇಡ, ಅದು ಪೈಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಗ್ರೀಸು, ಇಂಜಿನ್ ಎಣ್ಣೆಯನ್ನಂತೂ ಸಿಪಿವಿಸಿಗೆ ಮುಟ್ಟಿಸಲೇಬೇಡ್ರಿ, ಪ್ಲಾಸ್ಟಿಕ್ ಬಿರಿಯುತ್ತದೆ.

ಸಡಿಲಾದ ಗಿಟ್ಟಿ ಇದ್ದರೆ ಅದೇ ತೂತಿಗೆ ಕಾಗದ ತುರುಕಿ ಸ್ಕ್ರೂ ತಿರುವುವುದು ನಾಲ್ಕು ದಿನದ ಮಾತು. ಎರಡು ಬೆರಳಗಲ ಪಕ್ಕಕ್ಕೆ ಹೊಸ ತೂತು ಕೊರೆದು ಉದ್ದನೆಯ ಗಿಟ್ಟಿ ಕೂರಿಸ್ರಿ. ಅರ್ಧ ಇಂಚಿನ ಬಿಸಿನೀರಿನ ಪೈಪಿಗೆ ಸುಮಾರು ಮೂರು ಅಡಿಗೊಂದು ಕ್ಲ್ಯಾಂಪು ಬೇಕು. ಕಲಘಟಗಿ ಕಡೆ ಮಳೆ ಹೆಚ್ಚು, ಹೊರಗೋಡೆಯ ಕಬ್ಬಿಣದ ಕ್ಲ್ಯಾಂಪು ತುಕ್ಕು ಹಿಡಿದು ಪೈಪನ್ನೇ ಕಚ್ಚುತ್ತದೆ, ಅಲ್ಲಿ ಪ್ಲಾಸ್ಟಿಕ್ಕಿನದೇ ಹಾಕ್ರಿ.

ಗೌಂಡಿಗಳು ಸ್ಲ್ಯಾಬಿನ ತೂತಿನಲ್ಲಿ ಪೈಪಿನ ಸುತ್ತ ಸಿಮೆಂಟ್ ತುಂಬಿಬಿಡುತ್ತಾರೆ. ಆಗ ಬೆಳೆದ 2 ಸೆಂಟಿಮೀಟರ್ ಎಲ್ಲಿ ಹೋಗಬೇಕು? ಪೈಪು ನಡುವೆ ಬಿಲ್ಲಿನಂತೆ ಬಾಗುತ್ತದೆ, ಇಲ್ಲವೇ ಮೊಣಕೈ ಜೋಡಣೆಯನ್ನು ಎಳೆಯುತ್ತದೆ. ಹೊಸ ಮನೆ ಕಟ್ಟುವವರು ಆ ತೂತಿಗೆ ಮೊದಲು ದಪ್ಪ ಪೈಪಿನ ತುಂಡು ಇಡಿಸಿ, ಅದರೊಳಗಿಂದ ಬಿಸಿನೀರಿನ ಪೈಪು ಇಳಿಸಲಿ. ಆ ತುಂಡು ಸ್ಲ್ಯಾಬಿನ ಮೇಲೆ ಎರಡು ಇಂಚು ಎದ್ದಿರಲಿ, ಮಳೆನೀರು ಇಳಿಯದಂತೆ ಮೇಲೊಂದು ಟೊಪ್ಪಿಗೆ ಇರಲಿ.

ಎಲ್ಲ ಸದ್ದೂ ಇದೇ ಅಲ್ಲ. ನಳ ಪಟ್ಟನೆ ಮುಚ್ಚಿದಾಗ ಒಂದೇ ಸಲ ಢಬ್ ಅಂದರೆ ಅದು ನೀರಿನ ಹೊಡೆತ, ಕ್ಲ್ಯಾಂಪು ಸಡಿಲಿಸಿದರೆ ಹೆಚ್ಚೇ ಆಗುತ್ತದೆ. ಕರೆಂಟಿನ ಗೀಸರ್ ಕುದಿಯುವ ಕೆಟಲಿನಂತೆ ಗುರುಗುಟ್ಟಿದರೆ ಬೋರಿನ ಗಡಸು ನೀರಿನ ಸುಣ್ಣ ಒಳಗೆ ಕಟ್ಟಿದೆ ಅಂತ ತಿಳಿಯಬೇಕು. ಟಕ್ ಟಕ್ ಇದ್ದಲ್ಲೇ ಮೊಣಕೈ ಜೋಡಣೆಯ ಸುತ್ತ ಬಿಳಿ ಹೊಪ್ಪಳೆ ಕಂಡರೆ ನೀರು ಸೋರಿ ಒಣಗುತ್ತಿದೆ. ಕ್ಲ್ಯಾಂಪಿನ ಕೆಲಸ ಬಿಟ್ಟು ಮೊದಲು ವಾಲ್ವು ಮುಚ್ಚಿ, ಪ್ಲಂಬರನ್ನು ಕರೆಸಿ ಆ ಜೋಡಣೆ ಬದಲಿಸ್ರಿ.

ದೀಪಾವಳಿಗೆ ಮನೆಗೆ ಬಣ್ಣ ಹೊಡೆಸಿದ ಮೇಲೆಯೇ ಸದ್ದು ಶುರುವಾಯಿತೇ? ಹಾಗಾದರೆ ಸ್ಕ್ರೂ ಮುಟ್ಟುವ ಮೊದಲು ಕ್ಲ್ಯಾಂಪಿನ ಅಂಚು ನೋಡ್ರಿ, ಬಣ್ಣ ಒಣಗಿ ಪೈಪನ್ನು ಅದಕ್ಕೆ ಅಂಟಿಸಿರುತ್ತದೆ. ಪೈಪಿಗೆ ಗೀರು ಬೀಳದಂತೆ ಬ್ಲೇಡಿನಿಂದ ಆ ಅಂಚು ಬಿಡಿಸಿದರೆ ಸಾಕು.