ಹೊಸ ಮಡಕೆಯನ್ನು ಪಳಗಿಸುವ ಬಗೆ

ಕಳೆದ ವರ್ಷ ನಾವು ಪಾಟರಿ ಟೌನಿನ ಕುಂಬಾರಗೇರಿಯಿಂದ ನಾಲ್ಕು ಲೀಟರು ಹಿಡಿಯುವ ಅಡಿಗೆಯ ಮಡಕೆಯೊಂದನ್ನು ಯಲಹಂಕದ ಮನೆಗೆ ತಂದೆವು. ಬೆರಳಿನಿಂದ ತಟ್ಟಿದಾಗ ಅದು ಟಣ್ಣೆಂದಿತು. ಒಡಕಿದ್ದರೆ ಆ ನಾದ ಬರುವುದಿಲ್ಲ, ಮಂಕಾದ ಸದ್ದು ಬರುತ್ತದೆ. ಮಡಕೆಯಲ್ಲಿ ದೋಷವಿರಲಿಲ್ಲ, ಮುಂದೆ ಆದ ತಪ್ಪು ನಮ್ಮದೇ.

ಸುಟ್ಟ ಮಣ್ಣಿನ ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳುಂಟು. ನೀರು, ಎಣ್ಣೆ, ಹುಳಿ ಎಲ್ಲವೂ ಅವುಗಳೊಳಗೆ ಇಳಿಯುತ್ತವೆ. ಮಡಕೆಯನ್ನು ಪಳಗಿಸುವುದೆಂದರೆ ಅಡಿಗೆಯು ಆ ರಂಧ್ರಗಳನ್ನು ಹೊಗುವ ಮೊದಲೇ ಅವನ್ನು ಗಂಜಿಯಿಂದ ತುಂಬುವುದು.

ಮೊದಲು ಮಡಕೆಯನ್ನು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಡಬೇಕು. ಗುಳ್ಳೆಗಳು ಏಳುವುದು ನಿಂತರೆ ಅದು ಸಾಕಷ್ಟು ನೀರು ಕುಡಿದಿದೆಯೆಂದು ತಿಳಿಯಬಹುದು. ಬೆಳಿಗ್ಗೆ ತೆಂಗಿನ ನಾರಿನಿಂದ ಉಜ್ಜಿ ನೆರಳಿನಲ್ಲಿ ಆರಿಸಿದ ಮೇಲೆ, ಅಕ್ಕಿ ತೊಳೆದ ನೀರನ್ನು ಮುಕ್ಕಾಲು ಪಾಲು ತುಂಬಿ ಒಂದು ಹಿಡಿ ಅಕ್ಕಿಹಿಟ್ಟನ್ನು ಕದಡಬೇಕು. ಒಲೆಯ ಉರಿಯನ್ನು ಅತಿ ಸಣ್ಣದಾಗಿಟ್ಟು ಕ್ರಮೇಣ ಏರಿಸಿ, ಅರ್ಧ ಗಂಟೆ ಕುದಿಸಿ, ಒಲೆಯ ಮೇಲೆಯೇ ತಣಿಯಬಿಡಬೇಕು. ಹೀಗೆ ಮೂರು ದಿನ ಮಾಡಿದರೆ ಮಣ್ಣಿನ ವಾಸನೆಯೂ ಕಡಮೆಯಾಗುತ್ತದೆ.

ಮಡಕೆ ಬಿರಿಯುವುದು ಬಹುಮಟ್ಟಿಗೆ ಬಿಸಿಯಿಂದಲ್ಲ, ಬಿಸಿಯ ಅಸಮತೆಯಿಂದ. ಗ್ಯಾಸಿನ ಜ್ವಾಲೆಯು ತಳದ ಒಂದೆಡೆಯನ್ನು ಮಾತ್ರ ಕಾಯಿಸಿದರೆ ಅಲ್ಲಿ ಮಣ್ಣು ಹಿಗ್ಗಿ, ತಣ್ಣಗಿನ ಅಂಚನ್ನು ಎಳೆಯುತ್ತದೆ. ಆದುದರಿಂದ ಬರಿದಾದ ಮಡಕೆಯನ್ನು ಒಲೆಗಿಡಕೂಡದು. ಕುದಿಯುವ ಸಾರಿಗೆ ತಣ್ಣೀರು ಹೊಯ್ಯಕೂಡದು. ಇಳಿಸುವಾಗ ತಣ್ಣನೆಯ ಕಲ್ಲಿನ ಹಾಸಿಗೆಯ ಬದಲು ಒಣಹುಲ್ಲಿನ ಸಿಂಬೆಯ ಮೇಲಿಡಬೇಕು.

ನಮ್ಮ ತಪ್ಪು ಇನ್ನೊಂದು ಬಗೆಯದು. ಬಸ್ಸಾರು ಮಾಡಿದ ರಾತ್ರಿ ತೊಳೆದ ಮಡಕೆಯನ್ನು ಹಸಿಯಾಗಿಯೇ ಮುಚ್ಚಿ ಬೀರುವಿನಲ್ಲಿಟ್ಟೆವು. ನಾಲ್ಕು ದಿನಕ್ಕೆ ಒಳಗೆಲ್ಲ ಬೂಷ್ಟು, ಮುಗ್ಗಿದ ವಾಸನೆ. ಲೀಟರಿಗೆ ಒಂದು ಚಮಚ ಅಡಿಗೆ ಸೋಡ ಬೆರೆಸಿದ ನೀರನ್ನು ಕಾಲು ಗಂಟೆ ಕುದಿಸಿದೆವು. ತಣಿದ ಮೇಲೆ ನಾರಿನಿಂದ ಉಜ್ಜಿ, ಬರಿಯ ನೀರನ್ನು ಎರಡಾವೃತ್ತಿ ಕುದಿಸಿ ಚೆಲ್ಲಿ, ಎರಡು ದಿನ ಬಿಸಿಲಿನಲ್ಲಿಟ್ಟೆವು. ಬಳಿಕ ಬರಿಯ ನೀರನ್ನು ಕಾಯಿಸಿ ಹಬೆಯನ್ನು ಮೂಸಿದೆವು, ವಾಸನೆಯಿರಲಿಲ್ಲ. ಗಂಜಿಯೂ ಕರಗಿ ಹೋಗಿರುವುದರಿಂದ ಮತ್ತೊಮ್ಮೆ ಪಳಗಿಸಬೇಕಾಯಿತು. ಬೂಷ್ಟು ಮತ್ತೆ ಮತ್ತೆ ಮೂಡುವ ಮಡಕೆಯನ್ನಾದರೋ ಅಡಿಗೆಗೆ ಬಳಸದಿರುವುದೇ ಲೇಸು.

ಬಿಳಿಯ ಕಲೆಯೆಲ್ಲ ಬೂಷ್ಟಲ್ಲ. ನಮ್ಮ ಕಡೆಯ ಕೊಳವೆಬಾವಿಯ ಗಡಸು ನೀರಿನಲ್ಲಿನ ಸುಣ್ಣವೂ ಆರಿದಾಗ ಬಿಳಿಯಾಗಿ ಕೂರುತ್ತದೆ. ಅದು ಪುಡಿಯಂತಿದ್ದು, ವಾಸನೆಯಿಲ್ಲದೆ, ಹುಣಸೆಹಣ್ಣಿನ ನೀರಿಗೆ ಬಿಟ್ಟುಕೊಳ್ಳುತ್ತದೆ. ಬೂಷ್ಟಾದರೋ ನವಿರಾದ ನೂಲಿನಂತಿರುತ್ತದೆ.

ದಿನದ ತೊಳೆತಕ್ಕೆ ಬಿಸಿನೀರು, ಕಡಲೆಹಿಟ್ಟು, ನಾರು ಸಾಕು. ಸಾಬೂನನ್ನು ಮಣ್ಣು ಹೀರಿಕೊಂಡು, ಮಾರನೆಯ ದಿನದ ಸಾರಿಗೆ ಬಿಟ್ಟುಕೊಡುತ್ತದೆ. ಮೀನಿಗೊಂದು, ಹಾಲಿಗೊಂದು ಮಡಕೆಯನ್ನು ಬೇರೆಯಾಗಿಯೇ ಇಡಬೇಕು. ತೊಳೆದುದನ್ನು ಬಾಯಿ ಕೆಳಗಾಗಿಸಿ, ಅಂಚಿನಡಿ ಗಾಳಿಯಾಡುವಂತೆ ಎರಡು ಕಡ್ಡಿಗಳ ಮೇಲೆ ಒರಗಿಸಿ, ಪೂರ್ತಿ ಒಣಗಿದ ಮೇಲೆಯೇ ಒಳಗೆ ಸೇರಿಸಬೇಕು.