ಮೊದಲ ಸಲ ರಕ್ತ ಕೊಡುವವರಿಗೆ



ಅಕ್ಟೋಬರ್ 1 ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ. ಅಂದು ನಮ್ಮೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ರಕ್ತದಾನ ಶಿಬಿರವಿದೆ. ಬೆಳಿಗ್ಗೆ 9.30ಕ್ಕೆ ಶುರು, ಮಧ್ಯಾಹ್ನ 2ಕ್ಕೆ ಮುಕ್ತಾಯ. ಹೆಸರು ಬರೆಸಲು ಮಧ್ಯಾಹ್ನ 1 ಗಂಟೆಯೊಳಗೆ ಬನ್ನಿ. ಎನ್‌ಎಸ್‌ಎಸ್ ಮತ್ತು ಯುವ ರೆಡ್ ಕ್ರಾಸ್ ಘಟಕದ ವಿದ್ಯಾರ್ಥಿಗಳು ಬಾಗಿಲಲ್ಲೇ ಇರುತ್ತಾರೆ. ರಕ್ತ ಸಂಗ್ರಹಿಸುವುದು ಜಿಲ್ಲಾ ಆಸ್ಪತ್ರೆಯ ರಕ್ತನಿಧಿ ಕೇಂದ್ರದ ತಂಡ. ಆ ತಂಡದ ವೈದ್ಯನಾಗಿ ಇವತ್ತು ನಿಮ್ಮ ಜೊತೆ ಮಾತಾಡುತ್ತಿದ್ದೇನೆ.

ಕಾಲೇಜು ಶಿಬಿರಕ್ಕೆ ಬರುವವರಲ್ಲಿ ಹೆಚ್ಚಿನವರು ಮೊದಲ ಸಲ ರಕ್ತ ಕೊಡುವವರು. ಅವರ ಮನಸ್ಸಿನಲ್ಲಿರುವುದು ಎರಡೇ ಅಳುಕು. ಇಷ್ಟು ರಕ್ತ ಹೋದರೆ ನಿಶ್ಶಕ್ತಿಯಾಗುವುದಿಲ್ಲವೇ? ಎಲ್ಲರ ಮುಂದೆ ತಲೆ ಸುತ್ತಿ ಬಿದ್ದುಬಿಟ್ಟರೆ? ಎರಡೂ ನ್ಯಾಯವಾದ ಪ್ರಶ್ನೆಗಳೇ.

ಬಿ.ಕಾಂ. ಎರಡನೇ ವರ್ಷದ ಒಬ್ಬ ವಿದ್ಯಾರ್ಥಿನಿ ಬಂದಳು ಎಂದಿಟ್ಟುಕೊಳ್ಳಿ. ವಯಸ್ಸು 19, ತೂಕ 50 ಕಿಲೋ. ವಯಸ್ಸಿನ ಮಾತು ಸರಿಹೋಯಿತು, 18 ತುಂಬಿದ್ದರೆ ಸಾಕು. ತೂಕವೂ ಸರಿ, ಕನಿಷ್ಠ 45 ಕಿಲೋ ಇರಬೇಕು. ಈ 45ರ ಲೆಕ್ಕಕ್ಕೆ ಒಂದು ಕಾರಣವಿದೆ. ದೇಹದ ಪ್ರತಿ ಕಿಲೋ ತೂಕಕ್ಕೆ ಸುಮಾರು 8 ಮಿಲಿಲೀಟರಿಗಿಂತ ಹೆಚ್ಚು ತೆಗೆಯಬಾರದು ಎಂಬುದು ನಿಯಮ. 45 ಕಿಲೋಗೆ ಅದು 360 ಆಯಿತು. ನಾವು ತೆಗೆಯುವ ಚಿಕ್ಕ ಚೀಲ 350 ಮಿಲಿಲೀಟರಿನದು. ಈ ಹುಡುಗಿಯ ಮೈಯಲ್ಲಿ ಮೂರು ಲೀಟರಿಗೆ ಸ್ವಲ್ಪ ಹೆಚ್ಚೇ ರಕ್ತವಿರುತ್ತದೆ. ಅದರಲ್ಲಿ ಹತ್ತರಲ್ಲಿ ಒಂದು ಪಾಲು ಕೊಡುತ್ತಾಳೆ. ಅದರ ನೀರಿನಂಶ ಒಂದೆರಡು ದಿನದಲ್ಲಿ ತಾನೇ ತುಂಬಿಕೊಳ್ಳುತ್ತದೆ. ಕೆಂಪು ಕಣಗಳು ಮರಳಿ ಹುಟ್ಟಲು ಕೆಲವು ವಾರ ಬೇಕು.

ಎಲ್ಲಕ್ಕಿಂತ ನಿಧಾನವಾಗಿ ತುಂಬುವುದು ಕಬ್ಬಿಣದ ಅಂಶ. 350 ಮಿಲಿಲೀಟರ್ ರಕ್ತದ ಜೊತೆ ಸುಮಾರು 150 ಮಿಲಿಗ್ರಾಂ ಕಬ್ಬಿಣ ಹೊರಗೆ ಹೋಗುತ್ತದೆ. ಊಟದಿಂದ ದೇಹ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ಅದಕ್ಕೇ ಒಮ್ಮೆ ಕೊಟ್ಟ ಮೇಲೆ ಗಂಡಸರು 90 ದಿನ, ಹೆಂಗಸರು 120 ದಿನ ಬಿಡಬೇಕು. ಸೊಪ್ಪು, ಕಾಳು ತಿನ್ನುವಾಗ ಮೇಲೆ ನಿಂಬೆ ಹಿಂಡಿಕೊಳ್ಳಿ. ಊಟ ಮುಗಿದ ಕೂಡಲೇ ಚಹಾ ಕುಡಿಯುವುದನ್ನು ಬಿಡಿ, ಅದು ಕಬ್ಬಿಣವನ್ನು ಸರಿಯಾಗಿ ಒಳಗೆ ಸೇರಗೊಡುವುದಿಲ್ಲ.

ನಮ್ಮ ವಿದ್ಯಾರ್ಥಿನಿಯ ಬೆರಳ ತುದಿಯನ್ನು ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತೇವೆ. ಮೇಜಿನ ಮೇಲೆ ನೀಲಿ ಬಣ್ಣದ ದ್ರಾವಣ ಕಾಣುತ್ತದಲ್ಲ, ಅದು ಮೈಲುತುತ್ತದ ನೀರು, ಒಂದು ನಿರ್ದಿಷ್ಟ ಸಾಂದ್ರತೆಗೆ ಬೆರೆಸಿದ್ದು. ಹನಿಯನ್ನು ಅದರೊಳಗೆ ಬಿಟ್ಟರೆ 15 ಸೆಕೆಂಡಿನೊಳಗೆ ತಳಕ್ಕೆ ಇಳಿಯಬೇಕು. ಹಿಮೋಗ್ಲೋಬಿನ್ ಹೆಚ್ಚಿದ್ದಷ್ಟೂ ರಕ್ತ ತೂಕವಾಗಿರುತ್ತದೆ. 12.5 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹನಿ ಮುಳುಗುತ್ತದೆ, ಕಡಿಮೆಯಿದ್ದರೆ ತೇಲುತ್ತದೆ ಇಲ್ಲವೇ ನಡುವೆಯೇ ನಿಲ್ಲುತ್ತದೆ. ಹನಿಯೊಳಗೆ ಗಾಳಿಗುಳ್ಳೆ ಸೇರಿದ್ದರೂ ತೇಲಬಹುದು. ಆದ್ದರಿಂದ ಅನುಮಾನ ಬಂದರೆ ಯಂತ್ರದಲ್ಲಿ ಇನ್ನೊಮ್ಮೆ ನೋಡುತ್ತೇವೆ.

ಅಲ್ಲಿ 11.8 ಬಂತು ಎನ್ನಿ. ಆಗ ಅವಳಿಂದ ರಕ್ತ ತೆಗೆಯುವುದಿಲ್ಲ. ಎಷ್ಟೋ ಹುಡುಗಿಯರು ಈ ಹಂತದಲ್ಲಿ ಮುಖ ಸಣ್ಣದು ಮಾಡಿಕೊಂಡು ಹೋಗುತ್ತಾರೆ. ನನಗೆ ಅದು ನೋವಿನ ವಿಷಯ. ನಿಮ್ಮ ಮೈಗೆ ಕಬ್ಬಿಣ ಸಾಲದೇ ಇರಬಹುದು ಎಂದು ಗೊತ್ತಾಯಿತಲ್ಲ, ಆ ಫಲಿತಾಂಶದ ಚೀಟಿ ಹಿಡಿದು ಆಸ್ಪತ್ರೆಗೆ ಬನ್ನಿ, ಪರೀಕ್ಷೆ ಮಾಡಿ ಔಷಧಿ ಕೊಡುತ್ತೇವೆ. ಕೆಲವು ತಿಂಗಳ ಬಳಿಕ ಇದೇ ಹನಿ ಮುಳುಗುವುದನ್ನು ನೀವೇ ನೋಡಬಹುದು.

ಇನ್ನು ತಲೆ ಸುತ್ತುವ ವಿಷಯ. ಚಿಕ್ಕ ವಯಸ್ಸಿನವರು, ತೂಕ ಕಡಿಮೆ ಇರುವವರು, ಮೊದಲ ಸಲ ಕೊಡುವವರಲ್ಲಿ ಇದು ಸ್ವಲ್ಪ ಹೆಚ್ಚು. ಹೆದರಿಕೆಯಿಂದಲೋ ಸೂಜಿ ಕಂಡೋ ನರಗಳು ಒಮ್ಮೆಲೇ ಹೃದಯದ ಬಡಿತವನ್ನು ತಗ್ಗಿಸುತ್ತವೆ, ಕಾಲಿನ ರಕ್ತನಾಳಗಳು ಸಡಿಲವಾಗುತ್ತವೆ, ಮಿದುಳಿಗೆ ಕ್ಷಣಕಾಲ ರಕ್ತ ಸಾಲದಾಗುತ್ತದೆ. ಅದು ಹೇಳದೆ ಕೇಳದೆ ಬರುವುದು ಕಡಿಮೆ. ಮೊದಲು ಆಕಳಿಕೆ ಬರುತ್ತದೆ, ಹಣೆ ಬೆವರುತ್ತದೆ, ತುಟಿ ಬಿಳಿಚಿಕೊಳ್ಳುತ್ತದೆ, ಹೊಟ್ಟೆ ತೊಳಸಿದಂತಾಗುತ್ತದೆ. ಹಾಗೆ ಅನ್ನಿಸಿದ ಕೂಡಲೇ ಪಕ್ಕದಲ್ಲಿರುವ ಸಿಸ್ಟರ್‌ಗೆ ಹೇಳಿಬಿಡಿ, ಸಂಕೋಚ ಬೇಡ. ಸೂಜಿ ತೆಗೆದು, ನಿಮ್ಮನ್ನು ಮಲಗಿಸಿ, ಕಾಲು ಎತ್ತರಿಸಿ ಇಡುತ್ತೇವೆ. ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಮುಖಕ್ಕೆ ಬಣ್ಣ ಬರುತ್ತದೆ.

ಇದನ್ನು ತಡೆಯುವುದು ಬಹುಮಟ್ಟಿಗೆ ನಿಮ್ಮ ಕೈಯಲ್ಲಿದೆ. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಖಾಲಿ ಹೊಟ್ಟೆಯಲ್ಲಿ ಬರಲೇಬೇಡಿ, ತಿಂಡಿ ತಿಂದು ಬನ್ನಿ. ಉಪವಾಸವಿದ್ದರೆ ಇನ್ನೊಂದು ದಿನ ಕೊಡೋಣ. ರಕ್ತ ಕೊಡುವುದಕ್ಕೆ ಅರ್ಧ ಗಂಟೆ ಮೊದಲು ಅರ್ಧ ಲೀಟರ್ ನೀರು ಕುಡಿಯಿರಿ. ಮಂಚದ ಮೇಲೆ ಮಲಗಿದ್ದಾಗ ಕಾಲಿನ ಮೇಲೆ ಕಾಲು ಹಾಕಿ ತೊಡೆಯನ್ನು ಬಿಗಿ ಮಾಡಿ, ಸಡಿಲ ಬಿಡಿ, ಮತ್ತೆ ಬಿಗಿ ಮಾಡಿ. ಕಾಲಿನಲ್ಲಿ ನಿಂತ ರಕ್ತ ಮೇಲಕ್ಕೆ ಹರಿಯುತ್ತದೆ. ಚೀಲ ತುಂಬಲು ಆರೇಳು ನಿಮಿಷ ಸಾಕು. ಸೂಜಿ, ಚೀಲ ಎರಡೂ ಹೊಸವು, ನಿಮಗೊಬ್ಬರಿಗೇ ಬಳಸಿ ಎಸೆಯುವಂಥವು. ಅವುಗಳಿಂದ ನಿಮಗೆ ಯಾವ ಸೋಂಕೂ ತಗಲುವುದಿಲ್ಲ.

ಕೆಲವರಿಗೆ ತಲೆ ಸುತ್ತುವುದು ಆಮೇಲೆ, ಬಸ್ಸಿಗೆ ಓಡುವಾಗ, ಬಿಸಿಲಲ್ಲಿ ನಿಂತಾಗ. ಅದಕ್ಕೇ ಕೊಟ್ಟ ಮೇಲೆ ಕಾಲು ಗಂಟೆ ಕೂರಿಸಿ ಬಿಸ್ಕತ್ತು, ಹಣ್ಣಿನ ರಸ ಕೊಡುತ್ತೇವೆ. ಎದ್ದು ಓಡಬೇಡಿ. ಆ ದಿನ ಜಿಮ್, ಆಟ ಬೇಡ. ಸೂಜಿ ಹಾಕಿದ ಕೈಯಲ್ಲಿ ಭಾರದ ಚೀಲ ಹೊರಬೇಡಿ. ಮರುದಿನ ಅಲ್ಲಿ ನೀಲಿಗಟ್ಟಿದ್ದರೆ ಸಾಮಾನ್ಯವಾಗಿ ತಾನೇ ವಾಸಿಯಾಗುತ್ತದೆ. ಊತ ಹೆಚ್ಚಾದರೆ, ಬೆರಳು ಜೋಮು ಹಿಡಿದರೆ ನಮಗೆ ತಿಳಿಸಿ.

ರಕ್ತ ಕೊಡುವ ಮೊದಲು ಒಂದು ಅರ್ಜಿ ತುಂಬಬೇಕು. ಆಮೇಲೆ ವೈದ್ಯರು ಒಬ್ಬೊಬ್ಬರನ್ನೇ ಕರೆದು ಪ್ರಶ್ನೆ ಕೇಳುತ್ತಾರೆ, ಕೆಲವು ತೀರಾ ಖಾಸಗಿ. ನಿಜ ಹೇಳಿ, ಆ ಮಾತು ಹೊರಗೆ ಹೋಗುವುದಿಲ್ಲ. ಪ್ರತಿ ಚೀಲವನ್ನೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್, ಮಲೇರಿಯಾಕ್ಕೆ ಪರೀಕ್ಷಿಸುತ್ತೇವೆ. ಆದರೆ ಸೋಂಕು ತಗುಲಿದ ಹೊಸತರಲ್ಲಿ ಪರೀಕ್ಷೆಗೆ ಅದು ಸಿಕ್ಕುವುದಿಲ್ಲ. ಆ ಅವಧಿಯಲ್ಲಿ ರೋಗಿಯನ್ನು ಕಾಪಾಡುವುದು ನಿಮ್ಮ ಉತ್ತರವೊಂದೇ. ಎಚ್‌ಐವಿ ಪರೀಕ್ಷೆಯಾಗಲಿ ಎಂದು ರಕ್ತ ಕೊಡಲು ಬರಬೇಡಿ, ಸರ್ಕಾರಿ ಆಸ್ಪತ್ರೆಯಲ್ಲಿ ಆ ಪರೀಕ್ಷೆ ಉಚಿತ. ಮನೆಗೆ ಹೋದ ಮೇಲೆ ಏನಾದರೂ ನೆನಪಾದರೆ, ಜ್ವರ ಬಂದರೆ ಫೋನ್ ಮಾಡಿ, ನಿಮ್ಮ ಚೀಲವನ್ನು ಬದಿಗಿಡುತ್ತೇವೆ.

ಕಳೆದ ಒಂದು ವರ್ಷದಲ್ಲಿ ಹಚ್ಚೆ ಹಾಕಿಸಿಕೊಂಡವರು, ಟೈಫಾಯಿಡ್ ವಾಸಿಯಾಗಿ ವರ್ಷ ತುಂಬದವರು, ಡೆಂಗ್ಯೂ ವಾಸಿಯಾಗಿ ಆರು ತಿಂಗಳಾಗದವರು ಈ ಸಲ ಬೇಡ. ಮುಟ್ಟಿನ ದಿನಗಳಲ್ಲೂ ಬೇಡ. ಮಾತ್ರೆ ನುಂಗುತ್ತಿದ್ದರೆ ಅದರ ಪಟ್ಟಿ ತನ್ನಿ, ವೈದ್ಯರು ನೋಡಿ ಹೇಳುತ್ತಾರೆ.

18 ತುಂಬಿದವರು ತಾವೇ ಸಹಿ ಹಾಕಬಹುದು. ಆದರೂ ಮನೆಯಲ್ಲಿ ಅಪ್ಪ ಅಮ್ಮನಿಗೆ ಒಂದು ಮಾತು ತಿಳಿಸಿ. ಗುರುತಿನ ಚೀಟಿ ತನ್ನಿ, ಮೊಣಕೈ ಮೇಲೆ ಸುಲಭವಾಗಿ ಮಡಚುವ ತೋಳಿನ ಬಟ್ಟೆ ಹಾಕಿಕೊಳ್ಳಿ. ಎಲ್ಲ ಮುಗಿಯಲು ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ, ಆದ್ದರಿಂದ ತರಗತಿಯ ನಡುವಿನ ಬಿಡುವಿಗಿಂತ ಬೆಳಿಗ್ಗೆ ತಿಂಡಿ ತಿಂದ ಕೂಡಲೇ ಬಂದರೆ ಒಳ್ಳೆಯದು. ಶಿಬಿರ ಶುರುವಾದ ಮೊದಲ ಎರಡು ಗಂಟೆ ಜನ ಕಡಿಮೆ ಇರುತ್ತಾರೆ, ನಿಮ್ಮ ಪ್ರಶ್ನೆಗಳಿಗೆ ಉತ್ತರ ಹೇಳಲು ನಮಗೂ ಸಮಯ ಸಿಗುತ್ತದೆ.