ಸಂಘದ ಬಡ್ಡಿ, ಸಂಘದ ನಿಧಿ



ಹತ್ತು ಮಂದಿ ಮಹಿಳೆಯರ ಸ್ವಸಹಾಯ ಸಂಘವೊಂದನ್ನು ಭಾವಿಸಿಕೊಳ್ಳಿ. ಪ್ರತಿಯೊಬ್ಬರೂ ತಿಂಗಳಿಗೆ 100 ರೂಪಾಯಿ ಉಳಿಸುತ್ತಾರೆ. ಕೂಡಿದ ಹಣವನ್ನೆಲ್ಲ ಆ ಸಭೆಯಲ್ಲಿಯೇ ಸದಸ್ಯೆಯರಿಗೆ ತಿಂಗಳಿಗೆ ಶೇಕಡಾ 2ರ ಬಡ್ಡಿಯಲ್ಲಿ ಸಾಲ ಕೊಡಲಾಗುತ್ತದೆ. ಎರಡನೆಯ ಸಭೆಗೆ ಬರುವ ಬಡ್ಡಿ ಕೇವಲ 20 ರೂಪಾಯಿ. ಬಂದ ಬಡ್ಡಿಯೂ ಮತ್ತೆ ಸಾಲವಾಗಿ ಹೋಗುವುದರಿಂದ, ಹನ್ನೆರಡನೆಯ ಸಭೆಯ ಹೊತ್ತಿಗೆ ಉಳಿತಾಯ 12,000, ಬಡ್ಡಿ ಸುಮಾರು 1,412, ಒಟ್ಟು ನಿಧಿ 13,412 ರೂಪಾಯಿ ಆಗುತ್ತದೆ.

ವರ್ಷಕ್ಕೆ ಶೇಕಡಾ 24 ಎಂದ ಬಡ್ಡಿಯು ಉಳಿತಾಯದ ಶೇಕಡಾ 12ರಷ್ಟೇ ಏಕಾಯಿತು? ಮೊದಲ ಕಂತು ಹನ್ನೊಂದು ತಿಂಗಳು ದುಡಿಯಿತು. ಕೊನೆಯ ಕಂತು ದುಡಿಯಲೇ ಇಲ್ಲ.

ಈ ಲೆಕ್ಕ ನಿಜವಾಗಬೇಕಾದರೆ ಬಡ್ಡಿ ಕೈಗೆ ಬಂದಿರಬೇಕು. ಅದನ್ನು ಪರೀಕ್ಷಿಸುವ ದಾರಿ ಸುಲಭ: ಪೆಟ್ಟಿಗೆಯ ನಗದು, ಬ್ಯಾಂಕಿನ ಶಿಲ್ಕು, ಬರಬೇಕಾದ ಅಸಲು ಇವು ಕೂಡಿ ಪುಸ್ತಕದ ನಿಧಿಗೆ ಸಮನಾಗಬೇಕು. ಅವು 13,000 ಮಾತ್ರ ಆದರೆ, 412 ರೂಪಾಯಿ ಬಹುಶಃ ಬಾರದ ಬಡ್ಡಿ. ಅದನ್ನು ಬಾಕಿಯೆಂದು ಬೇರೆಯಾಗಿ ಬರೆಯಬೇಕು. ಲಾಭವೆಂದು ಹಂಚಿದರೆ, ಒಬ್ಬಳ ಉಳಿತಾಯವೇ ಮತ್ತೊಬ್ಬಳ ಲಾಭವಾಗಿ ಕೈಬಿಟ್ಟು ಹೋಗುತ್ತದೆ.